ಮಹಿಷಾಸುರ ಬರುವ ಮುಂಚೆ ಎರಡು ಮಾತು

ಎಲ್ಲರಿಗೂ ನಮಸ್ಕಾರ. ಮಕ್ಕಳೇ, ಮುಂದಿನ ಸಾಲಿಗೆ ಬನ್ನಿ. ದೊಡ್ಡವರು ಬೇಸರ ಮಾಡಿಕೊಳ್ಳಬೇಡಿ, ಈ ಐದು ನಿಮಿಷ ಅವರದ್ದು.

ಈಗ ಬರುವ ಯಕ್ಷಗಾನ ಕಲಾವಿದರ ಹೆಸರು ಹಿಂದಿನ ಬ್ಯಾನರ್‌ನಲ್ಲಿದೆ. ಕನ್ನಡ ಓದಲು ಬರುವವರು ಮೆಲ್ಲನೆ ಓದಿಕೊಳ್ಳಿ. ನಾನು ಮಾತ್ರ ಹೇಳುವುದಿಲ್ಲ. ಬಣ್ಣ ಹಚ್ಚಿದ ಮೇಲೆ ಅವರು ಆ ಹೆಸರಿನವರಲ್ಲ, ಮಹಿಷಾಸುರ!

ಬಂಟ್ವಾಳದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದು, ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ನೈಟ್ ಸ್ಕೂಲಿಗೆ ಹೋದವರು. ಭಾನುವಾರ ಒಂದು ಕಟ್ಟಡದ ಟೆರೇಸಿನಲ್ಲಿ ಹೆಜ್ಜೆ ಕಲಿತರು. ಆಮೇಲೆ ಊರಿಗೆ ಮರಳಿ ಮೇಳ ಸೇರಿದರು. ಈಗ ಮಳೆಗಾಲ, ತಿರುಗಾಟ ಮುಗಿಸುವ ದಿನವಾದ ಪತ್ತನಾಜೆ ಕಳೆದು ಮೇಳಗಳಿಗೆ ರಜೆ. ಅದಕ್ಕೇ ನಮ್ಮ ಡೊಂಬಿವಲಿಗೆ ಸಿಕ್ಕಿದ್ದಾರೆ.

ಯಕ್ಷಗಾನ ಅಂದರೆ ಹಾಡು, ಕುಣಿತ, ಮಾತು, ವೇಷ ಎಲ್ಲ ಸೇರಿದ ಆಟ. ಹೌದು, ಊರಲ್ಲಿ ಇದಕ್ಕೆ 'ಆಟ' ಅಂತಲೇ ಹೆಸರು. ಹಾಡುವವರು ಭಾಗವತರು. ಇಡೀ ಆಟ ಅವರ ಕೈಯಲ್ಲಿ. ಪಕ್ಕದಲ್ಲಿ ಮದ್ದಳೆ, ಚೆಂಡೆ. ತೆಂಕು, ಬಡಗು ಅಂತ ಎರಡು ದೊಡ್ಡ ಶೈಲಿಗಳಿವೆ, ಇವತ್ತಿನದು ತೆಂಕು.

ನನಗೆ ಇಷ್ಟವಾದ ಗುಟ್ಟು ಒಂದಿದೆ. ಭಾಗವತರು ಹಾಡುವ ಪದ ಬರೆದಿಟ್ಟದ್ದು. ವೇಷಧಾರಿ ಆಡುವ ಮಾತು ಬರೆದದ್ದಲ್ಲ! ದೇವಿ ಏನು ಕೇಳುತ್ತಾಳೋ, ಮಹಿಷ ಅಲ್ಲೇ ನಿಂತು ಉತ್ತರ ಕೊಡಬೇಕು. ನೀವು ಸ್ಕೂಲ್ ಡ್ರಾಮಾಕ್ಕೆ ವಾರಗಟ್ಟಲೆ ಡೈಲಾಗ್ ಬಾಯಿಪಾಠ ಮಾಡ್ತೀರಿ, ಅಲ್ವಾ? ಇವರು ಮಾಡಲ್ಲ. ಆದರೆ ಪುರಾಣ ಪೂರ್ತಿ ತಲೆಯಲ್ಲಿರಬೇಕು.

ಮಧ್ಯಾಹ್ನ ಚೌಕಿಗೆ ಹೋಗಿದ್ದೆ. ಚೌಕಿ ಅಂದರೆ ಬಣ್ಣ ಹಚ್ಚುವ ಜಾಗ. ಇವತ್ತು ಸಭಾಂಗಣದ ಸ್ಟೋರ್ ರೂಮೇ ಚೌಕಿ. ಕನ್ನಡಿ ಹಿಡಿದು ಕೂತು, ಕೆನ್ನೆಯ ಮೇಲೆ ಬಿಳಿ ಚುಟ್ಟಿ ಇಡುತ್ತಿದ್ದರು. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಒಂದೊಂದೇ ಚುಕ್ಕೆ. ಒಣಗಿದ ಚುಕ್ಕೆಯ ಮೇಲೆ ಮತ್ತೊಂದು. ಮುಖದ ಮೇಲೆ ಮುಳ್ಳು ಎದ್ದ ಹಾಗೆ! "ಚಾ ಬೇಕಾ?" ಅಂತ ಕೇಳಿದೆ. ತಲೆ ಅಲ್ಲಾಡಿಸಲಿಲ್ಲ, ಬಾಯಿ ತೆರೆಯಲಿಲ್ಲ, ಬೆರಳಲ್ಲೇ ಬೇಡ ಅಂದರು. ನಕ್ಕರೆ ಚುಟ್ಟಿ ಬಿರಿಯುತ್ತದಂತೆ. ಗಂಟೆಗಟ್ಟಲೆ ಕೂರಬೇಕು. ಆಮೇಲೆ ಫೋಟೋ ತೆಗೆಯುವವರು "ಸ್ಮೈಲ್" ಅನ್ನಬೇಡಿ, ದಯವಿಟ್ಟು.

ಊರಿನ ಆಟದಲ್ಲಿ ಮಹಿಷಾಸುರ ಜನರ ಮಧ್ಯದಿಂದ ಬರುತ್ತಾನೆ, ಎರಡೂ ಕಡೆ ದೊಂದಿ ಉರಿಸಿಕೊಂಡು. ಇಲ್ಲಿ ಬೆಂಕಿಗೆ ಅನುಮತಿ ಇಲ್ಲ. ದೊಂದಿ ಇಲ್ಲ, ಲೈಟ್ ಆರಿಸುತ್ತೇವೆ ಅಷ್ಟೆ. ಆದರೆ ದಾರಿ ಅದೇ. ಪುಟ್ಟ ಮಕ್ಕಳು ಅಮ್ಮನ ಕೈ ಹಿಡಿದುಕೊಳ್ಳಿ. ಕೋಡು ಮುಟ್ಟಿ ನೋಡಬೇಕು ಅನ್ನಿಸಿದರೂ ಸುಮ್ನೆ ಕೂತಿರಿ, ಆಟ ಮುಗಿದ ಮೇಲೆ ಅವರೇ ಕರೆಯುತ್ತಾರೆ.

ಚೆಂಡೆ ಶುರುವಾಯಿತು. ವೇದಿಕೆ ಕಡೆ ಏನು ನೋಡ್ತೀರಿ? ಹಿಂದೆ, ಬಾಗಿಲ ಕಡೆ ತಿರುಗಿ!