ಸ್ಥಿರ ಆಸ್ತಿ ರಿಜಿಸ್ಟರ್‌ಗೆ ಸೇರಿದ ಸವಕಳಿ ತಖ್ತೆ: 31 ಮಾರ್ಚ್ 2026ರವರೆಗೆ

ಘಟಕ: ಪಾಲುದಾರಿಕೆಯ ಆಲೆಮನೆ, ಮಂಡ್ಯ ತಾಲ್ಲೂಕು

ಆಸ್ತಿ 1: ಕಬ್ಬು ಅರೆಯುವ ಗಾಣ, ಮೋಟಾರ್ ಸಹಿತ. ಖರೀದಿ ಬೆಲೆ ರೂ. 5,60,000, ಸಾಗಣೆ ಮತ್ತು ಅಡಿಪಾಯದ ಖರ್ಚು ರೂ. 40,000, ಮೂಲಬೆಲೆ ರೂ. 6,00,000. ಬಳಕೆಗೆ ಬಂದದ್ದು 1 ಏಪ್ರಿಲ್ 2021. ಆಯುಷ್ಯ 15 ವರ್ಷ, ಅವಶೇಷ ಮೌಲ್ಯ ಶೇ. 5, ಅಂದರೆ ರೂ. 30,000.

ಸರಳ ರೇಖಾ ಪದ್ಧತಿಯಲ್ಲಿ ಮೂಲಬೆಲೆಯಿಂದ ಅವಶೇಷ ಮೌಲ್ಯವನ್ನು ಕಳೆದು ಉಳಿದ ರೂ. 5,70,000ವನ್ನು 15ರಿಂದ ಭಾಗಿಸಿ ವರ್ಷಕ್ಕೆ ರೂ. 38,000 ಹಾಕಲಾಗಿದೆ. ಇಳಿಕೆ ಶಿಲ್ಕು ಪದ್ಧತಿಯಲ್ಲಿ ಯಂತ್ರೋಪಕರಣಗಳಿಗೆ ಆದಾಯ ತೆರಿಗೆ ನಿಯಮಗಳು ಹೇಳುವ ಶೇ. 15ರ ದರವನ್ನು ಪ್ರತಿ ವರ್ಷದ ಆರಂಭಿಕ ಶಿಲ್ಕಿನ ಮೇಲೆ ಹಾಕಲಾಗಿದೆ.

| ವರ್ಷ | ಸರಳ ರೇಖಾ ಸವಕಳಿ | ಉಳಿದ ಶಿಲ್ಕು | ಇಳಿಕೆ ಶಿಲ್ಕು ಸವಕಳಿ | ಉಳಿದ ಶಿಲ್ಕು |
|---|---|---|---|---|
| 2021-22 | 38,000 | 5,62,000 | 90,000 | 5,10,000 |
| 2022-23 | 38,000 | 5,24,000 | 76,500 | 4,33,500 |
| 2023-24 | 38,000 | 4,86,000 | 65,025 | 3,68,475 |
| 2024-25 | 38,000 | 4,48,000 | 55,271 | 3,13,204 |
| 2025-26 | 38,000 | 4,10,000 | 46,981 | 2,66,223 |

ಐದು ವರ್ಷಗಳ ಕೊನೆಗೆ ಎರಡು ಶಿಲ್ಕುಗಳ ನಡುವಿನ ಅಂತರ ರೂ. 1,43,777. ಇದು ಇದೇ ರೀತಿ ಹಿಗ್ಗುತ್ತಾ ಹೋಗುವುದಿಲ್ಲ: 2026-27ರಲ್ಲಿ ಇಳಿಕೆ ಶಿಲ್ಕಿನ ಸವಕಳಿ ರೂ. 39,933 ಇದ್ದು, 2027-28ರಲ್ಲಿ ಅದು ರೂ. 33,944ಕ್ಕೆ ಇಳಿದು ಸರಳ ರೇಖೆಯ ಮೊತ್ತಕ್ಕಿಂತ ಕಡಿಮೆಯಾಗುತ್ತದೆ. ಆ ವರ್ಷದಿಂದ ಅಂತರ ಕುಗ್ಗತೊಡಗುತ್ತದೆ. ಹಾಗೆಂದು ಎರಡೂ ಒಂದೇ ಕಡೆ ಬಂದು ನಿಲ್ಲುವುದೂ ಇಲ್ಲ. ಶೇ. 15ರ ದರದಲ್ಲಿ 15ನೇ ವರ್ಷದ ಕೊನೆಗೂ ಸುಮಾರು ರೂ. 52,400 ಉಳಿದಿರುತ್ತದೆ, ರೂ. 30,000ಕ್ಕೆ ಇಳಿಯಬೇಕಾದರೆ ದರ ಶೇ. 18.10 ಇರಬೇಕು.

ಆಸ್ತಿ 2: ಎಲೆಕ್ಟ್ರಾನಿಕ್ ತೂಕದ ಯಂತ್ರ. ಮೂಲಬೆಲೆ ರೂ. 48,000, ಬಳಕೆಗೆ ಬಂದದ್ದು 10 ನವೆಂಬರ್ 2024. ಆಯುಷ್ಯ ಮತ್ತು ಅವಶೇಷದ ಲೆಕ್ಕ ಗಾಣದಂತೆಯೇ. ಆ ವರ್ಷ 142 ದಿನ ಮಾತ್ರ ಬಳಕೆಯಲ್ಲಿದ್ದುದರಿಂದ ಸರಳ ರೇಖೆಯಲ್ಲಿ ದಿನಗಳ ಪ್ರಮಾಣದಂತೆ ರೂ. 1,183, ತೆರಿಗೆ ಲೆಕ್ಕದಲ್ಲಿ 180 ದಿನಕ್ಕಿಂತ ಕಡಿಮೆಯಾದ ಕಾರಣ ಅರ್ಧ ದರದಲ್ಲಿ ರೂ. 3,600. 2025-26ರಲ್ಲಿ ಕ್ರಮವಾಗಿ ರೂ. 3,040 ಮತ್ತು ರೂ. 6,660. ಉಳಿದ ಶಿಲ್ಕು ರೂ. 43,777 ಮತ್ತು ರೂ. 37,740.

ತಿದ್ದುಪಡಿ: 2024-25ರ ಪುಟದಲ್ಲಿ ಗಾಣದ ಸರಳ ರೇಖಾ ಕಲಮಿಗೆ ಆರಂಭಿಕ ಶಿಲ್ಕಾಗಿ ರೂ. 3,68,475 ಬರೆಯಲಾಗಿತ್ತು. ಅದು ಪಕ್ಕದ ಕಲಮಿನ ಅಂಕಿ, ರೂ. 4,86,000 ಎಂದು ತಿದ್ದಿ ಸಹಿ ಮಾಡಿದ್ದೇನೆ.

ಘಟಕದ ಪುಸ್ತಕಗಳಲ್ಲಿ ಸರಳ ರೇಖೆಯನ್ನೇ ಮುಂದುವರಿಸಲಾಗಿದೆ. ಗಾಣ ಹಳತಾದಂತೆ ರೋಲರ್ ರಿಪೇರಿಯ ಖರ್ಚು ಏರುತ್ತದೆ, ಸವಕಳಿ ಇಳಿದರೆ ಎರಡೂ ಸೇರಿ ವರ್ಷದ ಹೊರೆ ಸಮನಾಗುತ್ತದೆ ಎಂಬ ಪಾಲುದಾರರ ವಾದದಲ್ಲಿ ಹುರುಳಿದೆ. ಆದರೆ ಕಬ್ಬಿನ ದರ, ಬೆಲ್ಲದ ದರ ಎರಡೂ ಏರಿಳಿಯುವ ಈ ವ್ಯವಹಾರದಲ್ಲಿ ಒಂದು ಖರ್ಚಾದರೂ ಸ್ಥಿರವಾಗಿದ್ದರೆ ಲಾಭವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವುದು ಸುಲಭ. ತೆರಿಗೆ ಲೆಕ್ಕದಲ್ಲಿ ಎರಡೂ ಯಂತ್ರಗಳು ಒಂದೇ ಗುಂಪಿಗೆ ಸೇರುವುದರಿಂದ ಅಲ್ಲಿ ಮುಂದಕ್ಕೆ ಒಯ್ಯಬೇಕಾದ ಶಿಲ್ಕು ರೂ. 3,03,963, ಪುಸ್ತಕದಲ್ಲಿ ರೂ. 4,53,777.

ತಯಾರಿಸಿದವರು: ಲೆಕ್ಕಿಗರು, 6 ಏಪ್ರಿಲ್ 2026