ನೀರು ಇರುವುದಿಲ್ಲ: ಮೇ 20, ಬುಧವಾರ ಬೆಳಗ್ಗೆ 7ರಿಂದ ಮೇ 21, ಗುರುವಾರ ಮಧ್ಯಾಹ್ನ 2ರವರೆಗೆ

ಗೋಪಾಳ, ಶಿವಮೊಗ್ಗ
14 ಮೇ 2026

ಎಲ್ಲ ನಿವಾಸಿಗಳಿಗೆ ನಮಸ್ಕಾರ.

ಮುಂದಿನ ಬುಧವಾರ, ಮೇ 20ರ ಬೆಳಗ್ಗೆ 7 ಗಂಟೆಯಿಂದ ಗುರುವಾರ, ಮೇ 21ರ ಮಧ್ಯಾಹ್ನ 2 ಗಂಟೆಯವರೆಗೆ ನಮ್ಮ ಕಟ್ಟಡದ ಯಾವ ನಲ್ಲಿಯಲ್ಲೂ ನೀರು ಬರುವುದಿಲ್ಲ. ಒಟ್ಟು 31 ಗಂಟೆ. ಎ ಮತ್ತು ಬಿ ಎರಡೂ ಬ್ಲಾಕಿಗೆ ಇದು ಅನ್ವಯ. ಸಂಪು ಮತ್ತು ಮೇಲಿನ ಎರಡು ಟ್ಯಾಂಕ್ ತೊಳೆಯಬೇಕು, ಸಂಪಿನ ಗೋಡೆಯ ಬಿರುಕು ಮುಚ್ಚಬೇಕು, ಪಂಪ್ ರೂಮಿನ ಮುಖ್ಯ ವಾಲ್ವ್ ಬದಲಾಯಿಸಬೇಕು. ದಯವಿಟ್ಟು ಮಂಗಳವಾರ ರಾತ್ರಿಯೇ ಬೇಕಾದಷ್ಟು ನೀರು ತುಂಬಿಸಿಟ್ಟುಕೊಳ್ಳಿ.

ಮೊದಲು ಒಂದು ಕ್ಷಮೆ ಕೇಳಬೇಕು. ಸೋಮವಾರ ನಾನು ಗ್ರೂಪಿನಲ್ಲಿ ಅವಸರದಲ್ಲಿ ಹಾಕಿದ ನಾಲ್ಕು ಸಾಲಿನಲ್ಲಿ ‘ನೀರು ಬಿಡಲಾಗುವುದಿಲ್ಲ’ ಅಂತ ಇರಬೇಕಾದ ಕಡೆ ‘ನೀರು ಬಿಡಲಾಗುವುದು’ ಅಂತ ಬಿದ್ದಿತ್ತು. ಬುಧವಾರ ಇಡೀ ದಿನ ನೀರು ಬಿಡ್ತಾರೆ ಅಂತಲೇ ಇಬ್ಬರು ತಿಳಿದುಕೊಂಡಿದ್ದರು. ಕೊನೆಯಲ್ಲಿ ‘ಆಮೇಲೆ ಯಾರೂ ದೂರಬಾರದು’ ಅಂತ ಬರೆದಿದ್ದೂ ಸರಿಯಲ್ಲ. ನೀರಿಲ್ಲ ಅಂದರೆ ಕೇಳುವುದು ನಿಮ್ಮ ಹಕ್ಕು. ಬಿ ಬ್ಲಾಕಿನ ನಿವೃತ್ತ ಕನ್ನಡ ಮೇಡಂ ಒಬ್ಬರು ಈ ಸಲ ಅಕ್ಷರ ಅಕ್ಷರ ಓದಿ ತಿದ್ದಿಕೊಟ್ಟಿದ್ದಾರೆ. ಅವರಿಗೆ ಧನ್ಯವಾದ. ಹಳೆಯ ಸಂದೇಶವನ್ನು ಅಳಿಸಿದ್ದೇನೆ. ದಯವಿಟ್ಟು ಇದನ್ನೇ ನೋಡಿ.

ಈಗಲೇ ಯಾಕೆ ಅನ್ನುವುದನ್ನು ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಎರಡು ವಾರ ನಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿದ್ದು ನಿಮಗೆ ನೆನಪಿರಬಹುದು. ಮಳೆಗೆ ತುಂಗೆ ಕೆಂಪಾಗಿ ಹರಿಯುತ್ತಾಳೆ, ಅದರದ್ದೇ ಬಣ್ಣ ಅಂತ ಆಗ ಎಲ್ಲರೂ ಅಂದುಕೊಂಡೆವು. ಆದರೆ ಹೊರಗಿನಿಂದ ಬರುವ ಪೈಪಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ತಿಳಿಯಾಗಿತ್ತು. ಸಂಪಿನ ನೀರು ಮಾತ್ರ ಕಲಕಿತ್ತು. ಈ ಏಪ್ರಿಲಿನಲ್ಲಿ ಸಂಪಿನ ನೀರು ಅರ್ಧಕ್ಕೆ ಇಳಿದಾಗ ಮೇಸ್ತ್ರಿಯವರು ಮುಚ್ಚಳದಿಂದ ಟಾರ್ಚ್ ಬಿಟ್ಟು ನೋಡಿದರು. ಪಾರ್ಕಿನ ಕಡೆಯ ಗೋಡೆಯಲ್ಲಿ ಒಂದು ಗೇಣಿಗಿಂತ ಜಾಸ್ತಿ ಉದ್ದದ ಬಿರುಕು ಇದೆ. ಅದರ ಕೆಳಗೆ ಕೆಂಪು ಮಣ್ಣು ಇಳಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಕಡೆ ಮಳೆ ಹಿಡಿದರೆ ನೆಲವೆಲ್ಲ ನೀರು ಕುಡಿದು ನಿಲ್ಲುತ್ತದೆ. ಆ ನೀರು ಬಿರುಕಿನಿಂದ ಒಳಗೆ ಬರುತ್ತಿದೆ. ಪಾರ್ಕಿನ ಬದಿಯಲ್ಲೇ ಚರಂಡಿಯೂ ಇದೆ ಅನ್ನುವುದು ನನಗೆ ನಿಜವಾಗಿ ಭಯ ಹುಟ್ಟಿಸಿದ ವಿಷಯ. ಜೂನ್ ಮೊದಲ ವಾರ ಮಳೆ ಶುರುವಾದರೆ ಒದ್ದೆ ಗೋಡೆಗೆ ಸಿಮೆಂಟ್ ಹಿಡಿಯುವುದು ಕಷ್ಟ. ‘ಗಂಗಾ ಸ್ನಾನ, ತುಂಗಾ ಪಾನ’ ಅಂತ ಹಿರಿಯರು ಹೇಳಿದ ನೀರು ನಮ್ಮ ಮನೆ ಬಾಗಿಲಿಗೆ ಬರುತ್ತಿದೆ. ಅದನ್ನು ನಮ್ಮ ಸಂಪಿನಲ್ಲೇ ಕೆಡಿಸಿ ಮಕ್ಕಳಿಗೆ ಕುಡಿಸುವುದು ಬೇಡ.

ವಾಲ್ವಿನ ಕಥೆ ಬೇರೆ. ಪಂಪ್ ರೂಮಿನಲ್ಲಿ ಅದರ ಚಕ್ರ ತಿರುಗುತ್ತದೆ, ಒಳಗಿನ ಬಾಗಿಲು ಇಳಿಯುವುದಿಲ್ಲ. ತಿರುಪು ಸವೆದುಹೋಗಿದೆ. ಕೆಳಗೆ ಇಟ್ಟ ಬಕೆಟ್ ಒಂದು ರಾತ್ರಿಯಲ್ಲಿ ತುಂಬಿ ಚೆಲ್ಲುತ್ತಿದೆ. ನಾಳೆ ಯಾವುದಾದರೂ ಮನೆಯಲ್ಲಿ ಪೈಪ್ ಒಡೆದರೆ ನೀರು ನಿಲ್ಲಿಸಲು ನಮಗೆ ದಾರಿಯೇ ಇಲ್ಲ.

ಒಂದು ಟ್ಯಾಂಕ್ ತುಂಬಿಟ್ಟುಕೊಂಡು ಇನ್ನೊಂದನ್ನು ತೊಳೆಯಬಹುದಲ್ವಾ ಅಂತ ಕೆಲವರು ಕೇಳಿದ್ದಾರೆ. ನಾವೂ ಮೊದಲು ಹಾಗೇ ಯೋಚಿಸಿದ್ದೆವು. ಆದರೆ ಎರಡೂ ಟ್ಯಾಂಕಿನ ನೀರು ಕೆಳಗೆ ಇಳಿಯುವುದು ಇದೇ ವಾಲ್ವಿನ ಮೂಲಕ. ಅದನ್ನು ಬಿಚ್ಚಬೇಕಾದರೆ ಎರಡೂ ಖಾಲಿ ಇರಲೇಬೇಕು. ಇನ್ನೊಂದು ಲೆಕ್ಕವನ್ನೂ ನೋಡಿ. ನಮ್ಮಲ್ಲಿ 48 ಮನೆ, ಸುಮಾರು 190 ಜನ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಮಾನದಂಡ ಇದೆ. ಆ ಪ್ರಕಾರ ದಿನಕ್ಕೆ 25 ಸಾವಿರ ಲೀಟರ್ ದಾಟುತ್ತದೆ. ಒಂದು ಟ್ಯಾಂಕಿನ 10 ಸಾವಿರ ಲೀಟರ್ ಅರ್ಧ ದಿನಕ್ಕೂ ಸಾಲುತ್ತಿರಲಿಲ್ಲ.

ಬುಧವಾರವನ್ನು ಯೋಚಿಸಿಯೇ ಆರಿಸಿದ್ದೇವೆ. ಮಂಗಳವಾರ, ಶುಕ್ರವಾರ ಎಷ್ಟೋ ಮನೆಗಳಲ್ಲಿ ತಲೆಸ್ನಾನ, ಪೂಜೆ ಇರುತ್ತದೆ. ಶನಿವಾರ, ಭಾನುವಾರ ನೆಂಟರು ಬರುತ್ತಾರೆ, ಬಟ್ಟೆ ರಾಶಿ ಬೀಳುತ್ತದೆ. ಶಾಲೆಗೆ ಇನ್ನೂ ರಜೆ ಇರುವುದರಿಂದ ಬೆಳಗಿನ ಡಬ್ಬಿ, ಯೂನಿಫಾರ್ಮ್ ಗಡಿಬಿಡಿಯೂ ಇಲ್ಲ.

ಮಂಗಳವಾರ ಸಂಜೆ 6ಕ್ಕೇ ಎರಡೂ ಟ್ಯಾಂಕ್ ತುಂಬಿಸಿರುತ್ತೇವೆ. ಬುಧವಾರ ಬೆಳಗ್ಗೆ 5ರಿಂದ 7ರವರೆಗೂ ನೀರು ಇರುತ್ತದೆ. ಸ್ನಾನ ಅಷ್ಟರೊಳಗೆ ಮುಗಿದರೆ ಅರ್ಧ ಚಿಂತೆ ಕಳೆದ ಹಾಗೆ. 7ಕ್ಕೆ ಸಂಪಿನ ಮುಚ್ಚಳ ತೆಗೆದು, ಗಾಳಿಯಾಡಲು ಬಿಟ್ಟು, ಫ್ಯಾನ್ ಹಾಕಿ, ಆಮೇಲೆಯೇ ಜನ ಒಳಗೆ ಇಳಿಯುತ್ತಾರೆ. ಮುಚ್ಚಿದ ಸಂಪಿನೊಳಗೆ ಉಸಿರಾಡಲು ಬೇಕಾದ ಗಾಳಿ ಇಲ್ಲದೆ ಪ್ರಾಣ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಇಲ್ಲಿ ಅವಸರ ಮಾಡುವುದಿಲ್ಲ. ಮೇಲೆ ಒಬ್ಬರು ಕಾವಲು ಇದ್ದೇ ಇರುತ್ತಾರೆ. ಮಧ್ಯಾಹ್ನ ಬಿರುಕಿಗೆ ಸಿಮೆಂಟ್ ತುಂಬಿದ ಮೇಲೆ ಅದು ರಾತ್ರಿಯೆಲ್ಲ ಗಟ್ಟಿಯಾಗಬೇಕು. ಹಾಗಾಗಿಯೇ ಒಂದು ದಿನದಲ್ಲಿ ಕೆಲಸ ಮುಗಿಯುತ್ತಿಲ್ಲ. ಗುರುವಾರ ಬೆಳಗ್ಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಆ ನೀರನ್ನು ಪೂರ್ತಿ ಹೊರಹಾಕಿ, ಹೊಸ ನೀರು ತುಂಬಿಸಿ ಮೇಲಕ್ಕೆ ಏರಿಸುತ್ತೇವೆ.

ನಡುವೆ ನೀರು ಬೇಕಾದರೆ ಗಾಬರಿ ಬೇಡ. ಬುಧವಾರ ಬೆಳಗ್ಗೆ 11ಕ್ಕೆ ಮತ್ತು ಸಂಜೆ 5ಕ್ಕೆ 6 ಸಾವಿರ ಲೀಟರಿನ ಟ್ಯಾಂಕರ್ ಗೇಟಿನ ಹತ್ತಿರ ಬಂದು ನಿಲ್ಲುತ್ತದೆ. ಒಂದೊಂದು ಸಲಕ್ಕೆ ಒಂದು ಮನೆಗೆ ಎಂಟು ಕೊಡದಂತೆ ಹಿಡಿದರೆ ಎಲ್ಲರಿಗೂ ಸಿಗುತ್ತದೆ. ಬಕೆಟ್ ತಂದರೂ ಅಷ್ಟೇ ಅಳತೆ ಇಟ್ಟುಕೊಳ್ಳಿ. ಇದು ಪಾತ್ರೆ, ಬಟ್ಟೆ, ಬಚ್ಚಲಿಗೆ ಮಾತ್ರ. ಕುಡಿಯಲು ಬೇಡ. ಗಾರ್ಡನ್ ನಲ್ಲಿಯಲ್ಲಿ ಬೋರ್‌ವೆಲ್ ನೀರು ಎರಡೂ ದಿನ ಬರುತ್ತಿರುತ್ತದೆ, ಟಾಯ್ಲೆಟ್ಟಿಗೆ ಅದನ್ನು ಬಳಸಬಹುದು. ಕುಡಿಯುವ ನೀರಿನ ಕ್ಯಾನ್ ಬೇಕಿದ್ದವರು ಸೋಮವಾರ ಸಂಜೆಯೊಳಗೆ ವಾಚ್‌ಮನ್ ಹತ್ತಿರ ಮನೆ ನಂಬರ್ ಬರೆಸಿ.

ಒಂಟಿಯಾಗಿ ಇರುವ ಅಜ್ಜ ಅಜ್ಜಿಯರು, ಬಾಣಂತಿ ಇರುವ ಮನೆಯವರು, ಮಂಡಿ ನೋವಿನವರು ದಯವಿಟ್ಟು ಕೊಡ ಹೊತ್ತುಕೊಂಡು ಮೆಟ್ಟಿಲಿಗೆ ಬರಬೇಡಿ. ಎ ಬ್ಲಾಕಿನ ನಾಲ್ಕು ಹುಡುಗರು ತಾವಾಗಿಯೇ ಮುಂದೆ ಬಂದಿದ್ದಾರೆ. ಇಂಟರ್‌ಕಾಮಿನಲ್ಲಿ ಗೇಟಿಗೆ ಹೇಳಿದರೆ ಸಾಕು, ಮನೆ ಬಾಗಿಲಿಗೆ ತಂದು ಇಡುತ್ತಾರೆ. ಕೇಳಲು ಸಂಕೋಚ ಬೇಡ. ಪಕ್ಕದ ಮನೆಯಲ್ಲಿ ಇಂಥವರು ಇದ್ದರೆ, ಅವರು ಫೋನಿನಲ್ಲಿ ಇದನ್ನು ಓದದೇ ಇರಬಹುದು. ಒಮ್ಮೆ ಬಾಗಿಲು ತಟ್ಟಿ ಬಾಯಿಮಾತಿನಲ್ಲಿ ಹೇಳಿ. ಪಾತ್ರೆ ತೊಳೆಯಲು ಬರುವ ಅಕ್ಕಂದಿರಿಗೂ ಮಂಗಳವಾರವೇ ತಿಳಿಸಿ, ಸುಮ್ನೆ ಬಂದು ವಾಪಸ್ ಹೋಗುವುದು ಬೇಡ. ಆಗುವುದಾದರೆ ಅವತ್ತು ಸಂಬಳ ಹಿಡಿಯದೆ ರಜೆ ಕೊಡಿ.

ಮನೆಯೊಳಗೆ ಗಮನಿಸಬೇಕಾದ ಕೆಲವು ವಿಷಯ ಇವೆ. ಬುಧವಾರ 7ಕ್ಕೆ ಗೀಸರ್ ಸ್ವಿಚ್ ಆರಿಸಿಬಿಡಿ. ಒಳಗೆ ನೀರಿಲ್ಲದೆ ಉರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಸೋಲಾರಿನ ಗಾಜಿನ ಕೊಳವೆಗಳು ಖಾಲಿಯಾಗಿ ಬಿಸಿಲಿಗೆ ಕಾದಿರುವಾಗ ತಣ್ಣೀರು ಬಿದ್ದರೆ ಒಡೆಯುವ ಅಪಾಯ ಇದೆ. ಅದಕ್ಕೆ ಅವುಗಳ ವಾಲ್ವನ್ನು ನಾವೇ ಮುಚ್ಚಿರುತ್ತೇವೆ, ಬಿಸಿನೀರಿನ ನಲ್ಲಿಯೂ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ನೀರು ಬಂತಾ ಅಂತ ತಿರುಗಿಸಿ ನೋಡಿದ ನಲ್ಲಿಯನ್ನು ಮತ್ತೆ ಮುಚ್ಚಿ. ಎರಡು ವರ್ಷದ ಹಿಂದೆ ಹೀಗೇ ಒಂದು ನಲ್ಲಿ ತೆರೆದೇ ಉಳಿದು, ಮನೆಯವರು ತೀರ್ಥಹಳ್ಳಿಗೆ ಹೋಗಿದ್ದಾಗ ನೀರು ಬಂದು, ಕೆಳಗಿನ ಮನೆಯ ಸೀಲಿಂಗ್ ಎಲ್ಲ ನೆನೆದುಹೋಗಿತ್ತು. ಊರಿಗೆ ಹೋಗುವವರು ಹೊರಡುವ ಮುಂಚೆ ಪ್ರತಿ ನಲ್ಲಿಯನ್ನೂ ಕೈಯಿಂದ ಮುಟ್ಟಿ ನೋಡಿ.

ಗುರುವಾರ ನೀರು ಬಂದಾಗ ಮೊದಲು ಗಾಳಿ ಬುಸ್ ಅನ್ನುತ್ತದೆ, ಸ್ವಲ್ಪ ಮಣ್ಣು ಬಣ್ಣವೂ ಇರಬಹುದು. ಬಚ್ಚಲಿನ ನಲ್ಲಿಯನ್ನು ನಿಧಾನವಾಗಿ ತೆರೆದು ಬಕೆಟ್ ಇಟ್ಟು, ತಿಳಿಯಾಗುವವರೆಗೆ ಬಿಡಿ. ಆ ನೀರನ್ನು ಟಾಯ್ಲೆಟ್ಟಿಗೆ ಬಳಸಿ, ಚೆಲ್ಲಬೇಡಿ. ಅಲ್ಲಿಯವರೆಗೆ ವಾಟರ್ ಫಿಲ್ಟರ್ ಮತ್ತು ವಾಷಿಂಗ್ ಮಷಿನ್ ಹಾಕಬೇಡಿ. ಒಂದು ದಿನ ಬ್ಲೀಚಿಂಗ್ ವಾಸನೆ ತೆಳುವಾಗಿ ಇರಬಹುದು. ಕುಡಿಯುವ ನೀರನ್ನು ಶನಿವಾರದವರೆಗೆ ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ.

ತುಂಬಿಸಿಟ್ಟ ಹಂಡೆ, ಡ್ರಮ್, ಬಕೆಟ್ ಎಲ್ಲಕ್ಕೂ ಮುಚ್ಚಳ ಇರಲಿ, ಇಲ್ಲದಿದ್ದರೆ ತಟ್ಟೆಯಾದರೂ ಮುಚ್ಚಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಮನೆಯ ಇಂಥ ಶುದ್ಧ ನೀರಿನಲ್ಲೇ. ಉಳಿದ ನೀರನ್ನು ಶುಕ್ರವಾರದೊಳಗೆ ಗಿಡಕ್ಕೆ ಹಾಕಿ ಪಾತ್ರೆ ಉಜ್ಜಿ ಬೋರಲು ಹಾಕಿಬಿಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ತುಂಬಿದ ಡ್ರಮ್ ಇರುವ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಿಡಿ.

ಎರಡೂ ದಿನ ಸಂಪಿನ ಮುಚ್ಚಳ ತೆರೆದಿರುತ್ತದೆ. ಸುತ್ತ ಹಗ್ಗ ಕಟ್ಟಿರುತ್ತೇವೆ, ರಾತ್ರಿ ಹಲಗೆ ಮುಚ್ಚಿ ವಾಚ್‌ಮನ್ ಅಲ್ಲೇ ಕೂತಿರುತ್ತಾರೆ. ಆದರೂ ಮಕ್ಕಳನ್ನು ಆ ಕಡೆ ಆಟಕ್ಕೆ ಬಿಡಬೇಡಿ. ಸಂಪಿನ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಆರು ಮನೆಯವರು ಮಂಗಳವಾರ ರಾತ್ರಿ 9ರೊಳಗೆ ಹಿಂದಿನ ಗೇಟಿನ ಕಡೆ ನಿಲ್ಲಿಸಿಕೊಟ್ಟರೆ ಉಪಕಾರವಾಗುತ್ತದೆ.

ಖರ್ಚು ಟ್ಯಾಂಕರ್ ಸೇರಿ 38,500 ರೂಪಾಯಿ ಅಂದಾಜು. ನಿರ್ವಹಣಾ ನಿಧಿಯಿಂದಲೇ ಕೊಡುತ್ತೇವೆ, ಯಾರಿಂದಲೂ ಬೇರೆಯಾಗಿ ಕೇಳುವುದಿಲ್ಲ. ಮೂರು ಕಡೆಯ ದರಪಟ್ಟಿ ನೋಟಿಸ್ ಬೋರ್ಡಿನಲ್ಲಿದೆ.

ಮಂಗಳವಾರ ಜೋರು ಮಳೆ ಬಂದರೆ ಕೆಲಸ ಮುಂದಕ್ಕೆ ಹೋಗಬಹುದು. ಹಾಗಾದರೆ ರಾತ್ರಿ 8ರೊಳಗೆ ಇಲ್ಲಿಯೇ ಬರೆಯುತ್ತೇನೆ, ಲಿಫ್ಟಿನೊಳಗೂ ಚೀಟಿ ಅಂಟಿಸುತ್ತೇನೆ. ಗುರುವಾರ 2ಕ್ಕೆ ನೀರು ಬಿಡಲು ಆಗುವುದಿಲ್ಲ ಅಂತ ಕಂಡರೆ ಬೆಳಗ್ಗೆ 11ಕ್ಕೇ ನಾನು ನಿಮಗೆ ತಿಳಿಸುತ್ತೇನೆ, ಇನ್ನೊಂದು ಟ್ಯಾಂಕರ್ ತರಿಸುತ್ತೇನೆ. ನಿಮ್ಮನ್ನು ಕಾಯಿಸಿ ಕೂರಿಸುವುದಿಲ್ಲ.

ಆ ಎರಡು ದಿನ ಯಾರ ಮನೆಯಲ್ಲಾದರೂ ಶ್ರಾದ್ಧ, ಸೀಮಂತ ಅಥವಾ ಆಸ್ಪತ್ರೆಯಿಂದ ಬಂದ ರೋಗಿ ಇದ್ದರೆ ಭಾನುವಾರದೊಳಗೆ ನನಗೆ ಹೇಳಿ. ಅಂಥ ಮನೆಗೆ ಬೇರೆಯಾಗಿ ನೀರಿನ ವ್ಯವಸ್ಥೆ ಮಾಡುತ್ತೇವೆ. ನಾನು ಬುಧವಾರ ಬೆಳಗ್ಗೆ 7ರಿಂದ ಪಂಪ್ ರೂಮಿನ ಹತ್ತಿರವೇ ಇರುತ್ತೇನೆ.

ತೊಂದರೆಗೆ ಕ್ಷಮೆ ಇರಲಿ, ದಯವಿಟ್ಟು ಸಹಕರಿಸಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ನಿವಾಸಿಗಳ ಸಂಘ