ಆಂಕಾಲಜಿ ಸಿಆರ್‌ಎ, ಅಂದರೆ ಕ್ಲಿನಿಕಲ್ ಟ್ರಯಲ್ ಮಾನಿಟರ್ ಹುದ್ದೆ: ಎರಡನೇ ರೆಸ್ಯೂಮೆ ಬಗ್ಗೆ ನನ್ನ ಅಭಿಪ್ರಾಯ

ಮೇಡಂ, ನಿನ್ನೆ ಕಳಿಸಿದ್ರಲ್ಲ, ಆ ಎರಡನೇ ರೆಸ್ಯೂಮೆಯನ್ನು ಎರಡು ಸಲ ಓದಿದೆ. ಇವರನ್ನು ಇಂಟರ್‌ವ್ಯೂಗೆ ಕರೆಯೋಣ. ಟ್ರಯಲ್‌ನ ಫೇಸ್, ಅಂದರೆ ಹಂತ, ಹೊಂದಲ್ಲ ಅಂತ ನಿಮ್ಮವರು ಪಕ್ಕಕ್ಕಿಟ್ಟಿದ್ದು ನನಗೆ ಸರಿ ಅನಿಸಲಿಲ್ಲ.

ನಮ್ಮದು ಫೇಸ್ 2, ಕ್ಯಾನ್ಸರ್. ಇವರು ಮೂರು ವರ್ಷದಲ್ಲಿ ನೋಡಿಕೊಂಡಿದ್ದು ಎರಡು ಫೇಸ್ 3, ಒಂದು ಫೇಸ್ 4, ಎಲ್ಲವೂ ಸಕ್ಕರೆ ಕಾಯಿಲೆಯವು. ಫೇಸ್ 2 ಅಂತ ಒಂದು ಸಾಲಿದೆ, ನಿಜ, ಆದರೆ ಅದು ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ಕೋಆರ್ಡಿನೇಟರ್ ಆಗಿದ್ದಾಗಿನದು. ಅದನ್ನು ಮಾನಿಟರಿಂಗ್ ಅನುಭವ ಅಂತ ಲೆಕ್ಕ ಹಾಕಬೇಡಿ. ಆದರೂ ಕೇಸ್ ಶೀಟ್ ಬರೆಯುವ ಕಡೆ ಕೂತು ಬಂದವರಿಗೆ ಸೋರ್ಸ್ ಡಾಕ್ಯುಮೆಂಟಲ್ಲಿ ಎಲ್ಲಿ ಎಡವಟ್ಟಾಗುತ್ತೆ ಅಂತ ಚೆನ್ನಾಗಿ ಗೊತ್ತಿರುತ್ತೆ. ಟ್ಯೂಮರ್ ಅಳತೆ, ಡೋಸ್ ಕಡಿಮೆ ಮಾಡುವ ನಿಯಮ, ಇವನ್ನೆಲ್ಲ ನಾವೇ ಕಲಿಸಬಹುದು.

ನಿಯಮಗಳ ವಿಷಯದಲ್ಲಿ ಹಳೆಯದೇ ಜಾಸ್ತಿ. ಷೆಡ್ಯೂಲ್ ವೈ ಅಂತ ಬರೆದಿದ್ದಾರೆ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಹೆಸರೇ ಇಲ್ಲ. ಟ್ರಯಲ್ ಹೇಗೆ ನಡೆಸಬೇಕು ಅಂತ ಹೇಳುವ ಜಿಸಿಪಿ ಮಾರ್ಗಸೂಚಿಯ ಸರ್ಟಿಫಿಕೇಟ್ ಹಳೆಯ ಇ6(ಆರ್2)ರದ್ದು. 2025ರ ಜನವರಿಯಲ್ಲೇ ಆರ್3 ಅಂತಿಮವಾಗಿದೆ ಅಲ್ವಾ, ಸೇರಿದ ಮೇಲೆ ಮೊದಲು ಆ ತರಬೇತಿ ಮುಗಿಸಲಿ. ಇನ್ನೊಂದು ಸಾಲು ನನಗೆ ಚುಚ್ಚಿತು: 'ಎಸ್ಎಇಗಳನ್ನು 24 ಗಂಟೆಯೊಳಗೆ ವರದಿ ಮಾಡಿದ್ದೇನೆ' ಅಂತ ಸಿಆರ್‌ಎ ಕೆಲಸದ ಕೆಳಗಿದೆ. ಎಸ್ಎಇ ಅಂದರೆ ರೋಗಿಗೆ ಆಗುವ ಗಂಭೀರ ತೊಂದರೆ, ಆ 24 ಗಂಟೆಯ ಹೊಣೆ ಸೈಟಲ್ಲಿ ಟ್ರಯಲ್ ನಡೆಸುವ ಡಾಕ್ಟರ್, ಅಂದರೆ ಇನ್ವೆಸ್ಟಿಗೇಟರ್‌ದು. ವರದಿ ಸಕಾಲಕ್ಕೆ ಸ್ಪಾನ್ಸರ್‌ಗೆ, ಎಥಿಕ್ಸ್ ಕಮಿಟಿಗೆ, ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒಗೆ ಹೋಯಿತಾ ಅಂತ ನೋಡುವುದು ಸಿಆರ್‌ಎ ಕೆಲಸ. ಬರೆಯುವಾಗ ತಪ್ಪಿದ್ದಾ, ತಿಳುವಳಿಕೆಯೇ ಹಾಗಾ ಅಂತ ನೇರವಾಗಿ ಕೇಳಬೇಕು.

ವಿಸಿಟ್ ಲೆಕ್ಕ: ಇನಿಷಿಯೇಷನ್ 6, ಇಂಟರಿಮ್ 38, ಕ್ಲೋಸ್‌ಔಟ್ 4. ಸೈಟ್ ಸೆಲೆಕ್ಷನ್ ಒಂದೂ ಇಲ್ಲ. ನಮಗೆ ಮೈಸೂರು, ಹುಬ್ಬಳ್ಳಿಯಲ್ಲಿ ಹೊಸ ಸೈಟ್ ಹುಡುಕಬೇಕಿದೆ, ಹಾಗಾಗಿ ಮೊದಲ ಎರಡಕ್ಕೆ ನಾನೇ ಜೊತೆಗೆ ಹೋಗ್ತೀನಿ. ಒಟ್ಟು 48 ಅಂದರೆ ತಿಂಗಳಿಗೆ ಒಂದೂವರೆಯೂ ಆಗಲ್ಲ. ನಮ್ಮ ತಂಡದಲ್ಲಿ ಒಬ್ಬೊಬ್ಬರು ತಿಂಗಳಿಗೆ ಐದಾರು ಮಾಡ್ತಾರೆ. ರಿಮೋಟ್ ವಿಸಿಟ್ ಬಿಟ್ಟು ಎಣಿಸಿದ್ದಾರಾ ಗೊತ್ತಿಲ್ಲ, ಕೇಳೋಣ.

ಇಷ್ಟೆಲ್ಲ ಕೊರತೆ ಇದ್ದರೂ ಯಾಕೆ ಕರೆಯೋಣ ಅಂತೀನಿ ಅಂದರೆ, ಎರಡನೇ ಪುಟದ ಕೊನೆ ನೋಡಿ. ಒಂದು ಸೈಟಲ್ಲಿ ಇನ್ಸುಲಿನ್ ಇಟ್ಟ ಫ್ರಿಜ್‌ನ ಟೆಂಪರೇಚರ್ ಲಾಗಲ್ಲಿ ಶನಿವಾರ, ಭಾನುವಾರ ಎರಡೂ ದಿನ ಖಾಲಿ ಇದ್ದದ್ದು ಇವರ ಕಣ್ಣಿಗೆ ಬಿದ್ದಿದೆ. ಡೇಟಾ ಲಾಗರ್ ತೆಗೆಸಿ ನೋಡಿದರೆ 2ರಿಂದ 8 ಡಿಗ್ರಿ ಇರಬೇಕಾದ್ದು 11 ಮುಟ್ಟಿತ್ತಂತೆ. ಆ ಔಷಧವನ್ನು ಯಾರಿಗೂ ಕೊಡದಂತೆ ಬೇರೆ ಇಡಿಸಿ, ಅವತ್ತೇ ಸ್ಪಾನ್ಸರ್‌ಗೆ ತಿಳಿಸಿದ್ದಾರೆ. ಸುಮ್ನೆ ಸಂಖ್ಯೆ ತುಂಬಿದ ರೆಸ್ಯೂಮೆ ದಿನಾ ಬರುತ್ತವೆ, ರೋಗಿಯನ್ನು ಕಾಪಾಡಿದ ಇಂಥ ಸಾಲು ಅಪರೂಪ.

ಗುರುವಾರ ಹನ್ನೊಂದಕ್ಕೆ ಇಡಿ. ಹೆಸರು ಮುಚ್ಚಿದ ಒಂದು ವಿಸಿಟ್ ರಿಪೋರ್ಟ್ ಕೊಡ್ತೀನಿ, ತಪ್ಪು ಹುಡುಕಲು ಅರ್ಧ ಗಂಟೆ ಬೇಕು.